ಟಿಕೆಟ್‌ನಲ್ಲಿ ಒಂದು ಹೆಸರು, ಕಾಕ್‌ಪಿಟ್‌ನಲ್ಲಿ ಇನ್ನೊಂದು

2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ನ್ಯೂವರ್ಕ್‌ನಿಂದ ಬಫಲೋಗೆ ಹೊರಡಬೇಕಿದ್ದ ವಿಮಾನವೊಂದು ಸುಮಾರು ಎರಡು ಗಂಟೆ ತಡವಾಗಿ, ಒಂಬತ್ತೂಕಾಲು ದಾಟಿದ ಮೇಲೆ ನೆಲ ಬಿಟ್ಟಿತು. ಬಫಲೋ ಎಂದರೆ ನಯಾಗರಾ ಜಲಪಾತದ ಪಕ್ಕದ ಊರು. ವಿಮಾನದಲ್ಲಿದ್ದವರ ಟಿಕೆಟ್ ಕಾಂಟಿನೆಂಟಲ್ ಏರ್‌ಲೈನ್ಸ್‌ನದು, ಫ್ಲೈಟ್ ನಂಬರ್ 3407. ವಿಮಾನದ ಮೈಮೇಲೆ ಬರೆದಿದ್ದದ್ದೂ ‘ಕಾಂಟಿನೆಂಟಲ್ ಕನೆಕ್ಷನ್’ ಎಂದೇ. ಆದರೆ ರೇಡಿಯೊದಲ್ಲಿ ಮಾತಾಡುತ್ತಿದ್ದ ಕಂಟ್ರೋಲರ್‌ಗಳು ಆ ವಿಮಾನವನ್ನು ಕಾಂಟಿನೆಂಟಲ್ ಎಂದು ಒಮ್ಮೆಯೂ ಕರೆಯಲಿಲ್ಲ. ಅವರ ಪಾಲಿಗೆ ಅದು ‘ಕೋಲ್ಗನ್ 3407’.

ರಾತ್ರಿ 10.17ಕ್ಕೆ, ಬಫಲೋ ರನ್‌ವೇಗೆ ಇನ್ನು ಕೆಲವೇ ನಿಮಿಷದ ದಾರಿ ಇರುವಾಗ, ವಿಮಾನ ಹತೋಟಿ ತಪ್ಪಿ ಕ್ಲಾರೆನ್ಸ್ ಸೆಂಟರ್ ಎಂಬ ಊರಿನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯೊಳಗಿದ್ದ ಒಬ್ಬರು, ಒಟ್ಟು 50 ಜನ ಸತ್ತರು. ಕೋಲ್ಗನ್ ಏರ್ ಎಂಬ ಕಂಪನಿಯೊಂದು ಇದೆ, ನಮ್ಮವರನ್ನು ಹೊತ್ತು ಹಾರಿದ್ದು ಅದು ಎಂಬುದು ಎಷ್ಟೋ ಕುಟುಂಬಗಳಿಗೆ ಗೊತ್ತಾಗಿದ್ದು ಆಮೇಲೆ. ದುಡ್ಡು ಕೊಟ್ಟದ್ದು ಒಬ್ಬರಿಗೆ, ಜೀವ ಒಪ್ಪಿಸಿದ್ದು ಇನ್ನೊಬ್ಬರಿಗೆ.

ಇದು ಆ ಒಂದು ರಾತ್ರಿಗೆ ಮುಗಿದ ಕತೆಯಲ್ಲ. ಬೆಂಗಳೂರಿನಿಂದ ವಿದೇಶಕ್ಕೆ ಹೋಗಿಬರುವ ಸಾಧಾರಣ ಟಿಕೆಟ್ ಒಂದನ್ನು ಬಿಡಿಸಿ ನೋಡಿದರೆ, ನಾಲ್ಕು ವಿಮಾನಗಳ ಪೈಕಿ ಒಂದೆರಡನ್ನಾದರೂ ಟಿಕೆಟ್‌ನಲ್ಲಿ ಹೆಸರಿರುವ ಕಂಪನಿ ಹಾರಿಸದೆ ಇರುವುದು ಮಾಮೂಲು. ಇದಕ್ಕೆ ಕೋಡ್‌ಶೇರ್ ಎನ್ನುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಕಾನೂನಿನ ಒಪ್ಪಿಗೆ ಇರುವ ವ್ಯವಹಾರ. ಆದರೆ ಯಾವ ಹೆಸರಿಗೆ ಯಾವ ಹೊಣೆ ಎಂಬುದನ್ನು ತಿಳಿಯದೆ ನಾವು ದುಡ್ಡು ಕಟ್ಟುತ್ತಿದ್ದೇವೆ. ಅದನ್ನು ಬಿಡಿಸಿ ಹೇಳುವುದು ಈ ಲೇಖನದ ಕೆಲಸ.

ಪ್ರತಿ ವಿಮಾನ ಕಂಪನಿಗೂ ಎರಡಕ್ಷರದ ಒಂದು ಕೋಡ್ ಇರುತ್ತದೆ. ಏರ್ ಇಂಡಿಯಾಕ್ಕೆ AI, ಇಂಡಿಗೊಗೆ 6E, ಲುಫ್ತಾನ್ಸಾಗೆ LH, ಕೆಎಲ್‌ಎಂಗೆ KL. ಫ್ಲೈಟ್ ನಂಬರ್ ಶುರುವಾಗುವುದೇ ಈ ಕೋಡ್‌ನಿಂದ. ಒಂದು ಕಂಪನಿ ಹಾರಿಸುವ ವಿಮಾನದಲ್ಲಿ ಕೆಲವು ಸೀಟುಗಳನ್ನು ಇನ್ನೊಂದು ಕಂಪನಿ ತನ್ನ ಕೋಡ್ ಹಾಕಿ ತನ್ನ ಟಿಕೆಟ್ ಎಂದೇ ಮಾರಿದರೆ ಅದು ಕೋಡ್‌ಶೇರ್. ನಿಲ್ದಾಣದ ಫಲಕದಲ್ಲಿ ಒಂದೇ ಗೇಟು, ಒಂದೇ ಹೊತ್ತು, ಒಂದೇ ಊರಿಗೆ ಮೂರು ನಾಲ್ಕು ನಂಬರ್‌ಗಳು ಒಂದಾದ ಮೇಲೊಂದು ಬಂದು ಹೋಗುವುದನ್ನು ನೋಡಿರುತ್ತೀರಿ. ವಿಮಾನ ಒಂದೇ, ಮಾರಿದವರು ಹಲವರು.

ಹೀಗೇಕೆ ಮಾಡುತ್ತಾರೆ? ದೊಡ್ಡ ಕಾರಣ, ಯಾವ ದೇಶವೂ ಪರದೇಶದ ಕಂಪನಿಗೆ ತನ್ನ ಆಕಾಶವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಯಾವ ಊರಿಗೆ ವಾರಕ್ಕೆ ಎಷ್ಟು ವಿಮಾನ ಎಂಬುದನ್ನು ಎರಡು ಸರ್ಕಾರಗಳು ಕೂತು ಒಪ್ಪಂದ ಮಾಡಿಕೊಂಡಿರುತ್ತವೆ. ದೇಶದೊಳಗಿನ ಎರಡು ಊರುಗಳ ನಡುವೆ ಜನರನ್ನು ಸಾಗಿಸುವ ಹಕ್ಕಂತೂ ಸಾಮಾನ್ಯವಾಗಿ ವಿದೇಶಿ ಕಂಪನಿಗೆ ಇರುವುದಿಲ್ಲ. ಹಾಲೆಂಡಿನ ಕೆಎಲ್‌ಎಂ ಬೆಂಗಳೂರಿಗೋ ದೆಹಲಿಗೋ ಬಂದಿಳಿಯಬಹುದು. ಅಲ್ಲಿಂದ ಮುಂದಿನ ಊರಿಗೆ ಟಿಕೆಟ್ ಮಾರಬೇಕೆಂದರೆ ಇಂಡಿಗೊ ವಿಮಾನದ ಮೇಲೆ ತನ್ನ ಕೋಡ್ ಹಾಕಿಯೇ ಮಾರಬೇಕು. ಪ್ರಯಾಣಿಕರಿಗೂ ಇದರಿಂದ ಲಾಭವಿದೆ. ಒಂದೇ ಟಿಕೆಟ್‌ನಲ್ಲಿ ಕೊನೆಯ ಊರಿನವರೆಗೆ ಹೋಗಬಹುದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ತಲೆನೋವು.

ಹಾಗಾಗಿ ಒಂದು ಟಿಕೆಟ್‌ನಲ್ಲಿ ಎರಡು ಪಾತ್ರಗಳಿರುತ್ತವೆ. ಯಾರ ಕೋಡ್‌ನಲ್ಲಿ ಸೀಟು ಮಾರಾಟವಾಗಿದೆಯೋ ಅವರು ಮಾರಿದ ಕಂಪನಿ. ಯಾರ ಪೈಲಟ್‌ಗಳು, ಯಾರ ಹೊಣೆಯಲ್ಲಿ ವಿಮಾನ ಮೇಲೇಳುತ್ತದೋ ಅವರು ಹಾರಿಸುವ ಕಂಪನಿ. ನಿಮ್ಮ ಜೊತೆ ಕರಾರು ಮಾಡಿಕೊಂಡವರು ಮೊದಲನೆಯವರು, ಸರ್ಕಾರದಿಂದ ಪರವಾನಗಿ ಪಡೆದು ಹಾರುವವರು ಎರಡನೆಯವರು.

ಈ ಪರವಾನಗಿಯ ಮಾತಿಗೆ ಸ್ವಲ್ಪ ನಿಲ್ಲಬೇಕು. ಇದರ ಹೆಸರು ಏರ್ ಆಪರೇಟರ್ ಸರ್ಟಿಫಿಕೇಟ್, ಚಿಕ್ಕದಾಗಿ ಎಒಸಿ. ನಮ್ಮಲ್ಲಿ ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ; ಅಮೆರಿಕದಲ್ಲಿ ಎಫ್‌ಎಎ. ಅಂಗಡಿಯ ಲೈಸೆನ್ಸ್‌ನಂತೆ ಶುಲ್ಕ ಕಟ್ಟಿ ಗೋಡೆಗೆ ತೂಗುಹಾಕುವ ಕಾಗದ ಇದಲ್ಲ. ಕಂಪನಿ ತನ್ನ ಕೈಪಿಡಿಗಳನ್ನೆಲ್ಲ ಒಪ್ಪಿಸಬೇಕು: ಪೈಲಟ್‌ಗಳಿಗೆ ಹೇಗೆ ತರಬೇತಿ, ಪಾಳಿ ಎಷ್ಟು ಗಂಟೆ, ವಿಮಾನದ ರಿಪೇರಿ ಯಾರು ಮಾಡುತ್ತಾರೆ, ಇಂಧನದ ಲೆಕ್ಕ ಹೇಗೆ ಎಂಬುದು ಅದರಲ್ಲಿರಬೇಕು. ಎಲ್ಲಕ್ಕೂ ಉತ್ತರ ಹೇಳುವ ಒಬ್ಬ ಜವಾಬ್ದಾರಿ ವ್ಯಕ್ತಿಯ ಹೆಸರು ಕೊಡಬೇಕು. ಅಧಿಕಾರಿಗಳು ಕಾಗದ ಪರಿಶೀಲಿಸಿದ ಮೇಲೆ ಜನರನ್ನು ಕೂರಿಸದೆ ಹಾರಿಸಿ ತೋರಿಸಬೇಕು. ಆಮೇಲೆ ಸರ್ಟಿಫಿಕೇಟ್. ಯಾವ ಮಾದರಿಯ ವಿಮಾನ, ಯಾವ ಬಗೆಯ ಹಾರಾಟ, ಯಾವ ಪ್ರದೇಶದಲ್ಲಿ ಎಂಬ ವಿವರ ಅದರ ಜೊತೆಗೇ ಇರುತ್ತದೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಇದರ ದೃಢೀಕೃತ ಪ್ರತಿಯೊಂದು ವಿಮಾನದೊಳಗೇ ಇರಬೇಕು.

ನೀವು ಹತ್ತಿದ ವಿಮಾನದೊಳಗಿನ ಆ ಕಾಗದದಲ್ಲಿ ಹಾರಿಸುವವರ ಹೆಸರಿರುತ್ತದೆಯೇ ಹೊರತು ಟಿಕೆಟ್ ಮಾರಿದವರ ಹೆಸರಲ್ಲ. ಪೈಲಟ್ ನಿದ್ದೆಗೆಟ್ಟಿದ್ದಾನೆಯೇ, ಬ್ರೇಕ್ ಪರೀಕ್ಷಿಸಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಸರ್ಕಾರ ಕೇಳುವುದೂ ಅವರನ್ನೇ.

ಈಗ ಕೋಲ್ಗನ್ ವಿಷಯಕ್ಕೆ ಬರೋಣ. ಅದು ಅಮೆರಿಕದ ವರ್ಜೀನಿಯಾದ ಒಂದು ಸಣ್ಣ ಪ್ರಾದೇಶಿಕ ಕಂಪನಿ. 2007ರಲ್ಲಿ ಪಿನಕಲ್ ಎಂಬ ಇನ್ನೊಂದು ಕಂಪನಿ ಅದನ್ನು ಕೊಂಡಿತ್ತು. ಕೋಲ್ಗನ್ ತನ್ನ ಹೆಸರಿನಲ್ಲಿ ಜನರಿಗೆ ಪರಿಚಯವಾಗಿರಲೇ ಇಲ್ಲ. ಅದರ ಕೆಲವು ವಿಮಾನಗಳು ಕಾಂಟಿನೆಂಟಲ್ ಕನೆಕ್ಷನ್ ಬಣ್ಣದಲ್ಲಿ, ಕೆಲವು ಯುಎಸ್ ಏರ್‌ವೇಸ್ ಎಕ್ಸ್‌ಪ್ರೆಸ್ ಬಣ್ಣದಲ್ಲಿ, ಇನ್ನು ಕೆಲವು ಯುನೈಟೆಡ್ ಎಕ್ಸ್‌ಪ್ರೆಸ್ ಬಣ್ಣದಲ್ಲಿ ಹಾರುತ್ತಿದ್ದವು. ಪರಸ್ಪರ ಪೈಪೋಟಿಯಲ್ಲಿದ್ದ ಮೂರು ದೊಡ್ಡ ಕಂಪನಿಗಳ ಹೆಸರಿನ ಹಿಂದೆ ಇದ್ದದ್ದು ಒಂದೇ ಪರವಾನಗಿ. ಅಮೆರಿಕದ ಒಳನಾಡಿನ ಹಾರಾಟಗಳಲ್ಲಿ ಆಗ ಹೆಚ್ಚುಕಡಿಮೆ ಅರ್ಧ ಇಂಥ ಪ್ರಾದೇಶಿಕ ಕಂಪನಿಗಳದ್ದೇ. ಸಣ್ಣ ಊರುಗಳಿಗೆ ದೊಡ್ಡ ಕಂಪನಿ ತನ್ನ ದುಬಾರಿ ಸಂಬಳದ ಪೈಲಟ್‌ಗಳನ್ನು ಕಳಿಸುವ ಬದಲು ಕಡಿಮೆ ಖರ್ಚಿನಲ್ಲಿ ಹಾರಿಸುವವರಿಗೆ ಆ ಕೆಲಸ ಒಪ್ಪಿಸುತ್ತಿತ್ತು. ಬಣ್ಣ, ಟಿಕೆಟ್ ದೊಡ್ಡವರದು. ಪೈಲಟ್ ನೇಮಕ, ತರಬೇತಿ, ಪಾಳಿ ಚಿಕ್ಕವರದು.

ಆ ರಾತ್ರಿ ಕಾಕ್‌ಪಿಟ್‌ನಲ್ಲಿ ಏನಾಯಿತು ಎಂಬುದನ್ನು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಒಂದು ವರ್ಷ ತನಿಖೆ ಮಾಡಿ 2010ರ ಫೆಬ್ರವರಿಯಲ್ಲಿ ಹೇಳಿತು. ವಿಮಾನ ಎರಡು ಪ್ರೊಪೆಲ್ಲರ್‌ಗಳ ಬೊಂಬಾರ್ಡಿಯರ್ ಕ್ಯೂ400, ನಮ್ಮಲ್ಲಿ ಸ್ಪೈಸ್‌ಜೆಟ್ ಸಣ್ಣ ಊರುಗಳಿಗೆ ಹಾರಿಸಿದ ಮಾದರಿಯದೇ. ಇಳಿಯಲೆಂದು ಚಕ್ರ ಹೊರಚಾಚಿ ರೆಕ್ಕೆಯ ಫ್ಲ್ಯಾಪ್ ಬಿಚ್ಚುತ್ತಿದ್ದಂತೆ ವೇಗ ಇಳಿಯತೊಡಗಿತು. ಇಬ್ಬರು ಪೈಲಟ್‌ಗಳೂ ಅದನ್ನು ಗಮನಿಸಲಿಲ್ಲ. ವೇಗ ತೀರ ಕಡಿಮೆಯಾದಾಗ ಪೈಲಟ್ ಹಿಡಿದಿರುವ ಕಂಬಿ ತಾನಾಗಿ ಗಡಗಡ ಅಲುಗಿ ಎಚ್ಚರಿಸುತ್ತದೆ. ಆಗ ಮೂತಿ ಕೆಳಗೆ ಮಾಡಿ ವೇಗ ಕೂಡಿಸಿಕೊಳ್ಳಬೇಕು. ಇದು ಪೈಲಟ್ ವಿದ್ಯೆಯ ಮೊದಲ ಪಾಠಗಳಲ್ಲಿ ಒಂದು. ಕ್ಯಾಪ್ಟನ್ ಕಂಬಿಯನ್ನು ತನ್ನತ್ತ ಎಳೆದರು, ಮೂತಿ ಮೇಲೆದ್ದಿತು. ಮೂತಿ ತಗ್ಗಿಸಲು ವಿಮಾನವೇ ತಾನಾಗಿ ಕಂಬಿಯನ್ನು ಮುಂದಕ್ಕೆ ತಳ್ಳಿತು, ಆಗಲೂ ಅವರು ಎಳೆಯುತ್ತಲೇ ಇದ್ದರು. ಸಹಪೈಲಟ್ ಕೇಳದೆಯೇ ಫ್ಲ್ಯಾಪ್ ಮಡಚಿದರು. ಚಳಿಗಾಲದ ರಾತ್ರಿ, ರೆಕ್ಕೆಯ ಮೇಲೆ ಹಿಮ ಕಟ್ಟಿತ್ತು ನಿಜ. ಆದರೆ ಹಿಮದ ಪಾಲು ಬಹಳ ಸಣ್ಣದು ಎಂದು ಮಂಡಳಿ ತೀರ್ಮಾನಿಸಿತು. ವಿಮಾನ ಬಿದ್ದದ್ದು ಕ್ಯಾಪ್ಟನ್ನರ ತಪ್ಪು ಪ್ರತಿಕ್ರಿಯೆಯಿಂದ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಒಬ್ಬರ ತಪ್ಪಾಗಿ ಮುಗಿಯುತ್ತದೆ. ತನಿಖೆ ಇನ್ನೂ ಆಳಕ್ಕೆ ಹೋಯಿತು. ಕ್ಯಾಪ್ಟನ್ ಹಿಂದೆ ಹಲವು ಪರೀಕ್ಷಾ ಹಾರಾಟಗಳಲ್ಲಿ ಮೊದಲ ಸಲಕ್ಕೆ ತೇರ್ಗಡೆಯಾಗಿರಲಿಲ್ಲ. ಕೋಲ್ಗನ್‌ಗೆ ಕೆಲಸಕ್ಕೆ ಅರ್ಜಿ ಹಾಕುವಾಗ ಅದೆಲ್ಲವನ್ನೂ ಅವರು ಬರೆದಿರಲಿಲ್ಲ. ಕಂಬಿ ತಾನಾಗಿ ಮುಂದಕ್ಕೆ ತಳ್ಳುವ ಸನ್ನಿವೇಶವನ್ನು ಕಂಪನಿಯ ತರಬೇತಿ ತರಗತಿಯಲ್ಲಿ ಹೇಳಿತ್ತೇ ಹೊರತು ಸಿಮ್ಯುಲೇಟರ್‌ನಲ್ಲಿ ಮಾಡಿಸಿರಲಿಲ್ಲ. ಸಹಪೈಲಟ್ ಇದ್ದದ್ದು ದೇಶದ ಆ ತುದಿಯ ಸಿಯಾಟಲ್ ಹತ್ತಿರ, ಕೆಲಸ ಶುರುವಾಗುತ್ತಿದ್ದದ್ದು ಈ ತುದಿಯ ನ್ಯೂವರ್ಕ್‌ನಲ್ಲಿ. ಹಿಂದಿನ ರಾತ್ರಿ ಸರಕು ವಿಮಾನಗಳಲ್ಲಿ ಕೂತು ದೇಶದ ಉದ್ದಕ್ಕೂ ಬಂದಿದ್ದರು. ಮೈ ಹುಷಾರಿಲ್ಲ ಎಂದು ಅವರು ಹೇಳಿದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿದೆ. ಈ ಕೆಲಸದಲ್ಲಿ ಸಿಗುತ್ತಿದ್ದ ಸಂಬಳ ಎಷ್ಟು ಕಡಿಮೆ ಎಂಬುದು 2009ರ ಮೇ ತಿಂಗಳ ಬಹಿರಂಗ ವಿಚಾರಣೆಯಲ್ಲಿ ಹೊರಬಿದ್ದಾಗ ಅಮೆರಿಕದ ಜನ ಬೆಚ್ಚಿಬಿದ್ದರು.

ನೇಮಕ, ತರಬೇತಿ, ಪಾಳಿ, ದಣಿವು. ಇವೆಲ್ಲ ಪರವಾನಗಿ ಇದ್ದವರ ಅಂಗಳಕ್ಕೆ ಸೇರಿದ್ದು. ಕಾಂಟಿನೆಂಟಲ್ ಎಂಬ ಹೆಸರಿಗಿದ್ದ ಒಳ್ಳೆಯ ಮಾತು, ಅದರ ಪೈಲಟ್‌ಗಳ ಅನುಭವ, ಅದರ ತರಬೇತಿ ಕೇಂದ್ರ ಇವು ಯಾವುವೂ 3407ರ ಕಾಕ್‌ಪಿಟ್‌ನೊಳಗೆ ಇರಲಿಲ್ಲ. ಹೆಸರು ಮಾತ್ರ ಹೊರಮೈಯಲ್ಲಿತ್ತು. ಸತ್ತವರ ಮನೆಯವರನ್ನು ಕೆರಳಿಸಿದ್ದು ಇದು. ಯಾವ ಹೆಸರನ್ನು ನಂಬಿ ಟಿಕೆಟ್ ಕೊಂಡರೋ ಆ ಹೆಸರಿನ ಹಿಂದಿನ ಸುರಕ್ಷತೆ ಅವರಿಗೆ ಸಿಕ್ಕಿರಲಿಲ್ಲ.

ಆ ಕುಟುಂಬಗಳು ಸುಮ್ಮನೆ ಕೂರಲಿಲ್ಲ. ಕೆಂಪು ಬಟ್ಟೆ ತೊಟ್ಟು ವಾಷಿಂಗ್ಟನ್‌ಗೆ ಮತ್ತೆ ಮತ್ತೆ ಹೋಗಿ ಸಂಸದರ ಕಚೇರಿಗಳ ಬಾಗಿಲು ತಟ್ಟಿದರು. 2010ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿಯೊಂದಿಗೆ ಹೊಸ ಕಾನೂನು ಬಂತು. ಪೈಲಟ್ ದಣಿವಿನ ನಿಯಮ, ಎಲ್ಲ ಪರೀಕ್ಷೆಗಳ ದಾಖಲೆ ಒಂದೇ ಕಡೆ ಸಿಗುವ ವ್ಯವಸ್ಥೆ, ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕೆಂಬ ಷರತ್ತು, ಇವೆಲ್ಲ ಅದರಿಂದ ಹುಟ್ಟಿದವು. ಹೆಚ್ಚು ಸುದ್ದಿಯಾದದ್ದು 1,500 ಗಂಟೆಯ ಷರತ್ತು. ಆದರೆ 3407ರ ಇಬ್ಬರು ಪೈಲಟ್‌ಗಳಿಗೂ ಅದಕ್ಕಿಂತ ಹೆಚ್ಚಿನ ಅನುಭವವೇ ಇತ್ತು. ಗಂಟೆಗಳ ಲೆಕ್ಕಕ್ಕಿಂತ ಆ ದಾಖಲೆಗಳ ವ್ಯವಸ್ಥೆ ಮುಖ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಅದರ ಅಂತಿಮ ನಿಯಮ ಬರಲು ಮಾತ್ರ 2021 ಆಗಬೇಕಾಯಿತು.

ಅಷ್ಟಾಗಿ ಸುದ್ದಿಯಾಗದ ಒಂದು ಕಲಮು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಟಿಕೆಟ್ ಮಾರುವ ಯಾರೇ ಆಗಲಿ, ಗ್ರಾಹಕ ದುಡ್ಡು ಕೊಡುವ ಮೊದಲೇ, ನಿಜವಾಗಿ ಹಾರಿಸುವ ಕಂಪನಿಯ ಹೆಸರು ಹೇಳಲೇಬೇಕು. ಹಲವು ವಿಮಾನ ಬದಲಿಸುವ ಪ್ರಯಾಣವಾದರೆ ಪ್ರತಿಯೊಂದರದ್ದೂ ಹೇಳಬೇಕು. ವೆಬ್‌ಸೈಟ್ ಆದರೆ, ಊರು ಮತ್ತು ದಿನ ಹಾಕಿ ಹುಡುಕಿದಾಗ ಬರುವ ಮೊದಲ ಪರದೆಯಲ್ಲಿಯೇ ಕಣ್ಣಿಗೆ ಬೀಳುವಂತೆ ಇರಬೇಕು. ಎಲ್ಲೋ ಕೊನೆಯಲ್ಲಿ, ಒತ್ತಿದರೆ ಮಾತ್ರ ತೆರೆದುಕೊಳ್ಳುವ ಸಣ್ಣಕ್ಷರದಲ್ಲಿ ಇದ್ದರೆ ಸಾಲದು. ಹೆಸರು ತಿಳಿಸಬೇಕೆಂಬ ನಿಯಮ ಹಿಂದೆಯೂ ಇತ್ತು. ಎಲ್ಲಿ, ಯಾವಾಗ, ಎಷ್ಟು ಕಾಣುವಂತೆ ಎಂಬುದನ್ನು ಈ ಕಾನೂನು ಕಟ್ಟಿಹಾಕಿತು.

ಯುರೋಪ್ ಅದಕ್ಕಿಂತ ಮೊದಲೇ ಇಂಥದೇ ದುಃಖದಿಂದ ಪಾಠ ಕಲಿತಿತ್ತು. 2004ರ ಜನವರಿ 3ರಂದು ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಿಂದ ಹೊರಟ ಫ್ಲ್ಯಾಶ್ ಏರ್‌ಲೈನ್ಸ್ ವಿಮಾನ ಕೆಂಪು ಸಮುದ್ರಕ್ಕೆ ಬಿದ್ದು 148 ಜನ ಸತ್ತರು, ಹೆಚ್ಚಿನವರು ಪ್ರವಾಸ ಮುಗಿಸಿ ಮರಳುತ್ತಿದ್ದ ಫ್ರೆಂಚರು. ಆ ಕಂಪನಿಯನ್ನು ಸ್ವಿಟ್ಜರ್ಲೆಂಡ್ ಅದಕ್ಕೂ ಮೊದಲೇ ತನ್ನ ಆಕಾಶದಿಂದ ದೂರ ಇಟ್ಟಿತ್ತು ಎಂಬುದು ಆಮೇಲೆ ಬಹಿರಂಗವಾಯಿತು. 2005ರ ಐರೋಪ್ಯ ನಿಯಮದಿಂದ, ನಿಷೇಧಿತ ಕಂಪನಿಗಳ ಒಂದೇ ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗತೊಡಗಿತು. ಹಾರಿಸುವ ಕಂಪನಿ ಯಾವುದೆಂದು ಬುಕಿಂಗ್ ಹೊತ್ತಿಗೇ ತಿಳಿಸುವುದು, ಆಮೇಲೆ ಬದಲಾದರೆ ಅದನ್ನೂ ತಿಳಿಸುವುದು ಕಡ್ಡಾಯವಾಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಹಾರಿಸುವವರು ಬೇರೆ ಎಂದ ಮಾತ್ರಕ್ಕೆ ವಿಮಾನ ಅಪಾಯ ಎಂದಲ್ಲ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಸೇನೆಯ ಹೆಲಿಕಾಪ್ಟರ್‌ಗೂ ಪ್ರಯಾಣಿಕ ವಿಮಾನಕ್ಕೂ ಡಿಕ್ಕಿಯಾಗಿ 67 ಜನ ಸತ್ತಾಗ ಸುದ್ದಿಯಲ್ಲಿ ಬಂದದ್ದು ಅಮೆರಿಕನ್ ಏರ್‌ಲೈನ್ಸ್ 5342 ಎಂಬ ಹೆಸರು. ಹಾರಿಸಿದ್ದು ಅದರದೇ ಅಂಗಸಂಸ್ಥೆ ಪಿಎಸ್‌ಎ. ಆ ಡಿಕ್ಕಿಗೂ ಕೋಡ್‌ಶೇರ್‌ಗೂ ಸಂಬಂಧವಿಲ್ಲ. ಬಹುಪಾಲು ಸಲ ಹಾರಿಸುವವರು ಮಾರುವವರಷ್ಟೇ ಸಮರ್ಥರು, ಕೆಲವೊಮ್ಮೆ ಹೆಚ್ಚೂ ಹೌದು. ಅದನ್ನು ತೂಗಿನೋಡುವ ಅವಕಾಶ ದುಡ್ಡು ಕೊಡುವವರಿಗೆ ಇರಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಕೋಡ್‌ಶೇರ್ ಅಲ್ಲದ ಟಿಕೆಟ್‌ನಲ್ಲೂ ಪರವಾನಗಿ ಬೇರೆಯವರದ್ದಾಗಿರಬಹುದು. ವಿಮಾನದ ಕೊರತೆ ಬಿದ್ದಾಗ ಕಂಪನಿಗಳು ಬೇರೆಯವರಿಂದ ವಿಮಾನವನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತರುತ್ತವೆ. ಪೈಲಟ್, ಗಗನಸಖಿಯರು ಎಲ್ಲ ಅವರವರೇ ಆದರೆ ವೆಟ್ ಲೀಸ್. ಪೈಲಟ್‌ಗಳು ಅವರವರು, ಗಗನಸಖಿಯರು ಬಾಡಿಗೆಗೆ ತಂದವರ ಕಡೆಯವರಾದರೆ ಡ್ಯಾಂಪ್ ಲೀಸ್. ಬೆಂಗಳೂರಿನವರಿಗೆ ಇದು ಹೊಸತಲ್ಲ: ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಬಸ್ಸು ಮತ್ತು ಡ್ರೈವರ್ ಗುತ್ತಿಗೆ ಕಂಪನಿಯವರು, ಕಂಡಕ್ಟರ್ ಮತ್ತು ಟಿಕೆಟ್ ಬಿಎಂಟಿಸಿಯದು. ಇಂಡಿಗೊ 2023ರಲ್ಲಿ ದೆಹಲಿಯಿಂದ ಇಸ್ತಾಂಬುಲ್‌ಗೆ ಹಾರಿಸತೊಡಗಿದ ದೊಡ್ಡ ಬೋಯಿಂಗ್ 777 ಹೀಗೆ ಟರ್ಕಿಶ್ ಏರ್‌ಲೈನ್ಸ್‌ನಿಂದ ಬಂದದ್ದು. 2025ರ ಜುಲೈನಲ್ಲಿ ಮುಂಬೈನಿಂದ ಮ್ಯಾಂಚೆಸ್ಟರ್ ಮತ್ತು ಆಮ್‌ಸ್ಟರ್‌ಡಾಮ್‌ಗೆ ಶುರುಮಾಡಿದ ಬೋಯಿಂಗ್ 787 ನಾರ್ಸ್ ಅಟ್ಲಾಂಟಿಕ್‌ನದು. ಫ್ಲೈಟ್ ನಂಬರ್ 6E, ಟಿಕೆಟ್ ಇಂಡಿಗೊದ್ದೇ. ಇಂಥ ಬಾಡಿಗೆಯಲ್ಲಿ ವಿಮಾನ ಹಾರುವುದು ಕೊಟ್ಟವರ ಎಒಸಿಯ ಅಡಿಯಲ್ಲಿ.

ಇದನ್ನು ಗುರುತಿಸುವ ಸುಲಭದ ಉಪಾಯವೊಂದಿದೆ. ಪ್ರತಿ ವಿಮಾನದ ಹಿಂಭಾಗದಲ್ಲಿ, ಬಾಲಕ್ಕೆ ಹತ್ತಿರ, ಅದರ ನೋಂದಣಿ ಅಕ್ಷರಗಳನ್ನು ಬರೆದಿರುತ್ತಾರೆ. ಭಾರತದಲ್ಲಿ ನೋಂದಣಿಯಾದವು `VT` ಎಂದು ಶುರುವಾಗುತ್ತವೆ. ಟರ್ಕಿಯದಾದರೆ `TC`, ನಾರ್ವೆಯದಾದರೆ `LN`. ಬಣ್ಣ ಯಾವ ಕಂಪನಿಯದೇ ಇರಲಿ, ವಿಮಾನ ಯಾವ ದೇಶದ್ದು ಎಂಬುದನ್ನು ಗೇಟಿನ ಗಾಜಿನಿಂದಲೇ ಈ ಎರಡಕ್ಷರ ಹೇಳಿಬಿಡುತ್ತವೆ. ವಿಮಾನ ಬಾಡಿಗೆಯದೋ ಎಂಬ ಅನುಮಾನ ಬಂದರೆ ನೋಡಬೇಕಾದ ಮೊದಲ ಗುರುತು ಇದು.

ಇನ್ನು ದುಡ್ಡಿನ ವಿಷಯ. ವಿಮಾನ ತಡವಾಯಿತು, ಬ್ಯಾಗ್ ಕಳೆಯಿತು ಎಂದಾಗ ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುವುದು ಪ್ರಯಾಣಿಕರ ದೊಡ್ಡ ಗೋಳು. “ಟಿಕೆಟ್ ಅವರು ಕೊಟ್ಟದ್ದಲ್ವಾ, ಅವರನ್ನೇ ಕೇಳಿ” ಎಂದು ಕೌಂಟರ್‌ನಲ್ಲಿ ಹೇಳುತ್ತಾರೆ. ಟಿಕೆಟ್ ಕೊಟ್ಟವರಿಗೆ ಫೋನ್ ಮಾಡಿದರೆ, “ವಿಮಾನ ನಮ್ಮದಲ್ಲ ಸರ್, ಹಾರಿಸಿದವರನ್ನು ಕೇಳಿ” ಎಂಬ ಉತ್ತರ. ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ.

ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದಕ್ಕೆ ಸೇರಿತು. ನಮ್ಮ 1972ರ ವಿಮಾನ ಸಾಗಣೆ ಕಾಯ್ದೆಯ ಮೂರನೇ ಅನುಸೂಚಿಯಾಗಿ ಅದು ನಮ್ಮ ಕಾನೂನೂ ಹೌದು. ಅದರ ಐದನೇ ಅಧ್ಯಾಯ ಬರೆದಿರುವುದೇ ಈ ಸನ್ನಿವೇಶಕ್ಕೆ. ಕರಾರು ಮಾಡಿಕೊಂಡವರು ಪೂರ್ತಿ ಪ್ರಯಾಣಕ್ಕೆ ಹೊಣೆ, ಹಾರಿಸಿದವರು ತಾವು ಹಾರಿಸಿದ ಭಾಗಕ್ಕೆ ಹೊಣೆ. ಯಾರ ಮೇಲೆ ದಾವೆ ಹಾಕಬೇಕು, ಒಬ್ಬರ ಮೇಲೋ ಇಬ್ಬರ ಮೇಲೋ ಎಂಬ ಆಯ್ಕೆ ಪ್ರಯಾಣಿಕರದು. ಯಾರಿಗೆ ದೂರು ಕೊಟ್ಟರೂ ಇಬ್ಬರಿಗೂ ಕೊಟ್ಟಂತೆಯೇ. ಅವಧಿ ಮಾತ್ರ ಮರೆಯಬಾರದು: ಬ್ಯಾಗ್ ಒಡೆದು ಬಂದಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ದರೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಹೋಗಬೇಕು. ಕೋರ್ಟಿಗೆ ಹೋಗಲು 2 ವರ್ಷ. ಕೋಲ್ಗನ್ ಪ್ರಕರಣ ಅಮೆರಿಕದ ಒಳನಾಡಿನದು, ಅಲ್ಲಿ ಅನ್ವಯಿಸಿದ್ದು ಬೇರೆ ಕಾನೂನು. ಅಲ್ಲಿಯೂ ಕುಟುಂಬಗಳು ಕೋಲ್ಗನ್ ಜೊತೆ ಕಾಂಟಿನೆಂಟಲ್ ಮೇಲೂ ದಾವೆ ಹೂಡಿದವು.

ಆದರೆ ಎಲ್ಲ ಕಡೆ ಇಬ್ಬರೂ ಹೊಣೆ ಎಂದುಕೊಂಡರೆ ಯುರೋಪಿಗೆ ಹೋಗುವಾಗ ಎಡವುತ್ತೀರಿ. ಐರೋಪ್ಯ ಒಕ್ಕೂಟದ 261ನೇ ನಿಯಮದ ಪ್ರಕಾರ ಕಂಪನಿಯ ತಪ್ಪಿನಿಂದ ವಿಮಾನ ಬಹಳ ತಡವಾದರೆ ನಗದು ಪರಿಹಾರವಿದೆ, 3,500 ಕಿಲೋಮೀಟರ್ ಮೀರಿದ ಪ್ರಯಾಣಕ್ಕೆ 600 ಯೂರೊವರೆಗೆ. ಇದನ್ನು ಕೊಡಬೇಕಾದವರು ಹಾರಿಸುವ ಕಂಪನಿ ಮಾತ್ರ. ಯುರೋಪಿನಿಂದ ಹೊರಡುವ ವಿಮಾನ ಯಾರದಾದರೂ ನಿಯಮ ಅನ್ವಯ; ಹೊರಗಿನಿಂದ ಯುರೋಪಿಗೆ ಬರುವ ವಿಮಾನಕ್ಕೆ, ಹಾರಿಸುವವರು ಯುರೋಪಿನ ಕಂಪನಿಯಾಗಿದ್ದರೆ ಮಾತ್ರ.

ದೆಹಲಿಯಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ ಹಾರಿಸುತ್ತದೆ, ಏರ್ ಇಂಡಿಯಾವೂ ಹಾರಿಸುತ್ತದೆ, ಇವೆರಡರ ನಡುವೆ ಕೋಡ್‌ಶೇರ್ ಇದೆ. ಅಕ್ಕ ತಮ್ಮ ಇಬ್ಬರೂ `LH` ಎಂದು ಶುರುವಾಗುವ ನಂಬರಿನ ಟಿಕೆಟ್ ಕೊಂಡರು ಎನ್ನಿ. ಅಕ್ಕ ಹತ್ತಿದ್ದು ಲುಫ್ತಾನ್ಸಾ ವಿಮಾನ, ತಮ್ಮನ ಟಿಕೆಟ್‌ನಲ್ಲಿ ಕೆಳಗೆ `Operated by AIR INDIA` ಎಂದಿತ್ತು. ಎರಡೂ ಐದು ಗಂಟೆ ತಡವಾದವು, ಎರಡರಲ್ಲೂ ಕಾರಣ ರಿಪೇರಿ ಕೆಲಸ. ಅಕ್ಕ 600 ಯೂರೊ ಕೇಳಬಹುದು. ತಮ್ಮನಿಗೆ ಆ ನಿಯಮದಡಿ ಏನೂ ಇಲ್ಲ. ಅದೇ ಇಬ್ಬರು ಫ್ರಾಂಕ್‌ಫರ್ಟ್‌ನಿಂದ ಮರಳುವಾಗ ಹೀಗಾದರೆ ಇಬ್ಬರಿಗೂ ಹಕ್ಕಿದೆ, ತಮ್ಮ ಕೇಳಬೇಕಾದದ್ದು ಏರ್ ಇಂಡಿಯಾವನ್ನು. ವ್ಯತ್ಯಾಸ ತಂದದ್ದು ಟಿಕೆಟ್ ನಂಬರಿನ ಎರಡಕ್ಷರ ಅಲ್ಲ, ಅದರ ಕೆಳಗಿನ ಆ ಒಂದು ಸಾಲು. ಬಾಡಿಗೆ ವಿಮಾನದ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ವೆಟ್ ಲೀಸ್‌ನಲ್ಲಿ ಪರಿಹಾರ ಕೊಡಬೇಕಾದವರು ವಿಮಾನ ಬಾಡಿಗೆಗೆ ತಂದವರೇ ಎಂದು ಐರೋಪ್ಯ ನ್ಯಾಯಾಲಯ 2018ರಲ್ಲಿ ಹೇಳಿದೆ, ಏಕೆಂದರೆ ಆ ಹಾರಾಟ ನಡೆಸುವ ತೀರ್ಮಾನ ಅವರದು.

ಟಿಕೆಟ್ ಕೈಗೆ ಬಂದಾಗ ನೋಡುವುದು ಹೇಗೆ? ಪ್ರತಿ ವಿಮಾನದ ವಿವರದ ಕೆಳಗೆ `Operated by` ಎಂದಿರುತ್ತದೆ, ಅದರ ಮುಂದಿನ ಹೆಸರೇ ಹಾರಿಸುವವರದು. ಅಮೆರಿಕದ ಟಿಕೆಟ್‌ಗಳಲ್ಲಿ ಅದರ ಜೊತೆ `DBA` ಎಂಬ ಮೂರಕ್ಷರವೂ ಬರಬಹುದು. ಅದರ ಹಿಂದಿನ ಹೆಸರು ಪರವಾನಗಿ ಇರುವವರದು, ಮುಂದಿನದು ಅವರು ತೊಟ್ಟ ಬಣ್ಣದ ಹೆಸರು. ಚೆಕ್‌ಇನ್ ಕೌಂಟರ್, ಟರ್ಮಿನಲ್, ಹಿಟ್ಟುಪ್ಪಿನಕಾಯಿ ತುಂಬಿದ ಆ ಎರಡನೇ ಬ್ಯಾಗಿನ ತೂಕ ಹಾಕುವ ಕೈ, ಇವೆಲ್ಲ ಸಾಮಾನ್ಯವಾಗಿ ಹಾರಿಸುವವರ ಕಡೆಯದು. ಸೀಟು ಆರಿಸಲೋ ಸಸ್ಯಾಹಾರ ಹೇಳಲೋ ಅವರ ವೆಬ್‌ಸೈಟ್‌ಗೆ ಹೋದಾಗ ನಿಮ್ಮ ಪಿಎನ್‌ಆರ್ ಸಿಗದಿದ್ದರೆ ಗಾಬರಿಯಾಗಬೇಡಿ. ಎರಡು ಕಂಪನಿಗಳಲ್ಲಿ ಒಂದೇ ಬುಕಿಂಗ್‌ಗೆ ಎರಡು ಪಿಎನ್‌ಆರ್ ಇರುತ್ತವೆ, ಹಾರಿಸುವವರದನ್ನು ಮಾರಿದವರಿಂದ ಕೇಳಿ ಪಡೆಯಬಹುದು.

ನಮ್ಮ ಟ್ರಾವೆಲ್ ಆ್ಯಪ್‌ಗಳಲ್ಲಿ ದರವನ್ನು ದಪ್ಪಕ್ಷರದಲ್ಲಿ ತೋರಿಸುತ್ತಾರೆ, ಹಾರಿಸುವವರ ಹೆಸರನ್ನು ಬೂದುಬಣ್ಣದ ಸಣ್ಣಕ್ಷರದಲ್ಲಿ ಅಡಗಿಸುತ್ತಾರೆ. ಹುಡುಕಿದ ಮೊದಲ ಪರದೆಯಲ್ಲೇ, ದರದಷ್ಟೇ ದೊಡ್ಡದಾಗಿ, ಬಾಡಿಗೆ ವಿಮಾನವಾದರೆ ಅದನ್ನೂ ಸೇರಿಸಿ ಆ ಹೆಸರು ಕಾಣಬೇಕು. ಡಿಜಿಸಿಎ ಇದನ್ನು ಮಾಡಿಸಬಲ್ಲದು, ಮಾಡಿಸಬೇಕು. ಅಲ್ಲಿಯವರೆಗೆ ಕೆಲಸ ನಮ್ಮದೇ. ಮುಂದಿನ ಸಲ ಏಜೆಂಟರ ಬಳಿ ಟಿಕೆಟ್ ಮಾಡಿಸುವಾಗ ದರ ಕೇಳಿದ ಕೂಡಲೇ, “ಈ ನಾಲ್ಕು ವಿಮಾನಗಳನ್ನೂ ಹಾರಿಸುವವರು ಯಾರು?” ಎಂದು ಕೇಳಿ, ಉತ್ತರವನ್ನು ಟಿಕೆಟ್ ಮೇಲೆ ತೋರಿಸಲು ಹೇಳಿ. ಆಮೇಲೆ ದುಡ್ಡು ಕೊಡಿ.